ನೀರು ತುಂಬುವ ಹಬ್ಬದ ಸಂಜೆ

ವಿಮಾನ ಏರಲು ಇನ್ನೂ 55 ನಿಮಿಷವಿತ್ತು. ನಮ್ಮ ಪಾಲಿಗೆ ಮಾತ್ರ ಅದು ಆಗಲೇ ಹೊರಟುಹೋಗಿತ್ತು.

2024ರ ದೀಪಾವಳಿ, ನೀರು ತುಂಬುವ ಹಬ್ಬದ ದಿನ. ಪುಣೆಯಲ್ಲಿ ಒಂಟಿಯಾಗಿರುವ ಅಕ್ಕ ಹಂಡೆ ತುಂಬಿಸಿ, ಬೆಳಗಿನ ಎಣ್ಣೆಸ್ನಾನಕ್ಕೆ ಅಮ್ಮನ ದಾರಿ ನೋಡುತ್ತಿದ್ದಳು. ವಿಮಾನ ರಾತ್ರಿ 7ಕ್ಕೆ. ಅಮ್ಮನನ್ನು ಕರೆದುಕೊಂಡು 3 ಗಂಟೆಗೆ ಬಸವನಗುಡಿ ಬಿಟ್ಟೆ. ಊರಿಗೆ ಊರೇ ಹೆಬ್ಬಾಳದ ದಾರಿ ಹಿಡಿದಿತ್ತು. ದೇವನಹಳ್ಳಿಯ ನಿಲ್ದಾಣ ಮುಟ್ಟಿದಾಗ 5-20. ಗುರುತಿನ ಚೀಟಿ ತೋರಿಸಿ ಬಾಗಿಲು ದಾಟಲು ಕಾಲು ಗಂಟೆ; ಪೆಟ್ಟಿಗೆ ಒಪ್ಪಿಸುವ ಸಾಲಿನಲ್ಲಿ ಅರ್ಧ ಗಂಟೆ. ನಮ್ಮ ಸರದಿ ಬಂದದ್ದು 6-05ಕ್ಕೆ. “ಕೌಂಟರ್ ಮುಚ್ಚಿತು ಸಾರ್,” ಎಂದಳು ಆ ಹುಡುಗಿ.

ಸೀಟಿನ ಸಂಖ್ಯೆ ಬೆಳಗ್ಗೆಯೇ ನನ್ನ ಫೋನಿಗೆ ಬಂದಿತ್ತು. ಆ ಧೈರ್ಯವೇ ಮುಳುವಾಯಿತು. ಮನೆಯಲ್ಲಿ ಕುಳಿತು ಚೆಕ್-ಇನ್ ಮಾಡಿದರೂ ಪೆಟ್ಟಿಗೆಯ ಗಡುವು ಕದಲುವುದಿಲ್ಲ. ನಮ್ಮ ವಿಮಾನಕ್ಕೆ ಅದು ಹೊರಡುವ 60 ನಿಮಿಷ ಮುಂಚೆ. ಹತ್ತುವ ಗೇಟು ಮುಚ್ಚುವುದು 25 ನಿಮಿಷ ಮುಂಚೆ. ಬೀಗಗಳು ಎರಡು, ನಾನು ಲೆಕ್ಕ ಹಾಕಿದ್ದು ಒಂದನ್ನೂ ಅಲ್ಲ.

ಹಬ್ಬದ ಸಾಲಿಗೆ ಒಂದು ಸ್ವಭಾವವಿದೆ. ನಿಮಿಷಕ್ಕೆ ಮೂವರನ್ನು ಕಳಿಸಬಲ್ಲ ಸಾಲಿಗೆ ನಾಲ್ವರು ಬಂದು ಸೇರುತ್ತಿದ್ದರೆ, ಗಂಟೆಯೊಳಗೆ 60 ಮಂದಿ ಉಳಿದುಬಿಡುತ್ತಾರೆ. ಆಮೇಲೆ ಬಂದವನು 20 ನಿಮಿಷ ನಿಲ್ಲಬೇಕು. ಮುಂದಿನ ಗಂಟೆಯೂ ಹಾಗೇ ಆದರೆ 40. ಸಾಲದ್ದಕ್ಕೆ ಹಬ್ಬದ ಪೆಟ್ಟಿಗೆಯೊಳಗೆ ಪಟಾಕಿ, ಒಣ ಕೊಬ್ಬರಿ, ಪವರ್ ಬ್ಯಾಂಕ್. ಮೂರೂ ಅಲ್ಲಿಗೆ ಸಲ್ಲುವವಲ್ಲ. ಒಂದು ಪೆಟ್ಟಿಗೆ ಬಿಚ್ಚಿಸಿದರೆ ಹಿಂದಿನವರೆಲ್ಲ ನಿಂತಂತೆ.

ಮರುದಿನದ ಟಿಕೆಟ್ ಕೊಂಡು ಬೆಂಚಿನ ಮೇಲೆ ಕುಳಿತು, ಮಾಡಬೇಕಿದ್ದ ಲೆಕ್ಕವನ್ನು ಹಿಂದಿನಿಂದ ಮಾಡಿದೆ. ಗೇಟು ಮುಚ್ಚುವುದು 6-35ಕ್ಕೆ. ಅಮ್ಮ ನಡೆಯಲು 10 ನಿಮಿಷ, ಭದ್ರತಾ ತಪಾಸಣೆಗೆ 45: ಅಂದರೆ 5-40ಕ್ಕೆ ಪೆಟ್ಟಿಗೆ ಒಪ್ಪಿಸಿರಬೇಕು. ಆ ಸಾಲಿಗೆ 45, ಬಾಗಿಲಿಗೆ 15: 4-40. ಯಾವುದಾದರೊಂದು ಎಡವಟ್ಟಿಗೆ 20: 4-20ಕ್ಕೆ ನಿಲ್ದಾಣ. ರಸ್ತೆ ಅಂದು ನುಂಗಿದ್ದು 2 ಗಂಟೆ 20 ನಿಮಿಷ. ಮಧ್ಯಾಹ್ನ 2ಕ್ಕೆ ಮನೆ ಬಿಡಬೇಕಿತ್ತು. ಬರೀ ಕೈಚೀಲವಾಗಿದ್ದರೆ ಪೆಟ್ಟಿಗೆಯ ಆ 45 ನಿಮಿಷವೇ ಉಳಿಯುತ್ತಿತ್ತು.

“ಒಂದು ಗಂಟೆ ಮುಂಚೆ ಊಟಕ್ಕೆ ಬಡಿಸಿದ್ದರೆ ಆಗುತ್ತಿತ್ತಲ್ಲೋ,” ಎಂದಳು ಅಮ್ಮ. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಮರುದಿನ ಮಧ್ಯಾಹ್ನ ಪುಣೆ ತಲುಪಿದಾಗ ಹಂಡೆಯ ನೀರು ತಣ್ಣಗಾಗಿತ್ತು. ಅಕ್ಕ ಇನ್ನೂ ತಲೆಗೆ ಎಣ್ಣೆ ಇಟ್ಟುಕೊಂಡಿರಲಿಲ್ಲ.