ಸುದ್ದಿಯ ಹಣೆಪಟ್ಟಿ

ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟೆಯಲ್ಲಿ ನಿಂತ ಹೇಮಾವತಿಯ ನೀರು ತುಮಕೂರು ಶಾಖಾ ನಾಲೆಯ ಮೂಲಕ ಗುಬ್ಬಿಯ ಸೀಮೆಯನ್ನು ಹಾದು, ಬಹುದೂರ ಸಾಗಿ ಕುಣಿಗಲ್ ಕಡೆಗೆ ಬರುತ್ತದೆ. ನಾಲೆಯ ಕೊನೆಯಲ್ಲಿರುವವರಿಗೆ ನೀರು ಸಾಲದಿರುವುದು ಎಲ್ಲ ನಾಲೆಗಳ ಹಳೆಯ ಕಥೆ. ಈ ಕೊರತೆಯನ್ನು ನೀಗಲೆಂದು, ಗುಬ್ಬಿ ತಾಲ್ಲೂಕಿನಿಂದ ಕುಣಿಗಲ್ ಕಡೆಗೆ ಸುಮಾರು 35 ಕಿಲೋಮೀಟರ್ ದೂರ ಕೊಳವೆಯಲ್ಲಿ ನೀರನ್ನು ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಸಂಪರ್ಕ ನಾಲೆಯ ಯೋಜನೆ ಹುಟ್ಟಿತು. ತಮ್ಮ ಪಾಲಿನ ನೀರು ತಮ್ಮ ಕೆರೆಗಳನ್ನು ತುಂಬದೆ ಮುಂದೆ ಹೋದೀತೆಂದು ಗುಬ್ಬಿ, ತುಮಕೂರು ಭಾಗದ ರೈತರು ಅಂಜಿದರು. 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನ ಸಂಕಾಪುರದ ಬಳಿ ಕಾಮಗಾರಿಯನ್ನು ವಿರೋಧಿಸಿ ದೊಡ್ಡ ಪ್ರತಿಭಟನೆ ನಡೆಯಿತು.

ಇಂತಹ ದಿನದ ಮರುದಿನ ಗುಬ್ಬಿಯವನೂ ಕುಣಿಗಲ್‌ನವನೂ ಬಿಡಿಸಿ ನೋಡುವುದು ಒಂದೇ ಪತ್ರಿಕೆಯನ್ನು. ಒಬ್ಬನಿಗೆ ಕಳವಳ, ಇನ್ನೊಬ್ಬನಿಗೆ ಬಾಯಾರಿಕೆ. ಇಬ್ಬರೂ ನಂಬಬಹುದಾದ ಮಾತು ಮೊದಲು ದೊರೆಯಬೇಕಾದುದು ವರದಿಯಲ್ಲಿ. ಎಲ್ಲಿ, ಎಂದು, ಯಾರು, ಏನು ಮಾಡಿದರು ಎಂಬುದನ್ನು ವರದಿಗಾರನು ಕಂಡಂತೆ ಹೇಳಬೇಕು. ತಾನು ಕಾಣದುದನ್ನು ಹೇಳಿದವರ ಹೆಸರಿನಲ್ಲಿಯೇ ಹೇಳಬೇಕು. “ಈ ನಾಲೆಯಿಂದ ನಮ್ಮ ಕೆರೆಗಳು ಬರಿದಾಗುತ್ತವೆ ಎಂದು ರೈತರು ಹೇಳಿದರು” ಎಂಬುದು ವರದಿ. ಕೊನೆಯ ಮೂರು ಪದಗಳನ್ನು ಅಳಿಸಿ, “ನಮ್ಮ” ಎಂಬಲ್ಲಿ “ಗುಬ್ಬಿಯ” ಎಂದು ತಿದ್ದಿದರೆ ಸಾಕು, ರೈತರ ಭಯವು ಪತ್ರಿಕೆಯು ಸಾರುವ ಸತ್ಯವಾಗಿಬಿಡುತ್ತದೆ. ಕುಣಿಗಲ್‌ಗೆ ಅದರ ಪಾಲು ಮಾತ್ರ ಹೋಗುತ್ತದೆಂಬ ಸರ್ಕಾರದ ಮಾತಿಗೂ ಇದೇ ನಿಯಮ.

ಆದರೆ ವರದಿಯು ಹೆಚ್ಚಾಗಿ ಕೆಡುವುದು ಒಡಲಿನಲ್ಲಲ್ಲ, ತಲೆಬರಹದಲ್ಲಿ. “ಸಂಪರ್ಕ ನಾಲೆಗೆ ರೈತರ ವಿರೋಧ” ಎಂದರೆ ಸುದ್ದಿ. “ನೀರು ಕಸಿಯುವ ನಾಲೆಗೆ ವಿರೋಧ” ಎಂದರೆ ತೀರ್ಪು. ಕಸಿಯುವುದು ಎಂಬ ಒಂದು ಕ್ರಿಯಾಪದವು ನ್ಯಾಯಾಧೀಶನ ಪೀಠವನ್ನೇರಿ ಕುಳಿತಿದೆ! ವರದಿಯನ್ನು ಬರೆದವನು ಬೇರೆ, ತಲೆಬರಹವನ್ನು ಕಟ್ಟುವ ಉಪಸಂಪಾದಕನು ಬೇರೆ ಆಗಿರುವುದರಿಂದ ಈ ಜಾರುವಿಕೆ ಸುಲಭ.

ವಿಶ್ಲೇಷಣೆಯ ದಾರಿ ಬೇರೆ. ತುದಿಗೆ ನೀರು ಏಕೆ ತಲುಪುತ್ತಿಲ್ಲ? ನಾಲೆಯಲ್ಲಿ ಇಂಗಿಹೋಗುವುದೆಷ್ಟು, ನಡುವೆ ತೂಬುಗಳಲ್ಲಿ ಇಳಿಯುವುದೆಷ್ಟು? ಮೇಲಿನಿಂದಲೇ ಕಡಿಮೆ ಬಿಡುತ್ತಿರುವರೇ? ವಿಶ್ಲೇಷಕನು ಅಳತೆಗಳನ್ನು ಓದುಗನ ಮುಂದಿಟ್ಟು, ಅವುಗಳಿಂದ ಕಾರಣವನ್ನು ಊಹಿಸುತ್ತಾನೆ. “ಇದು ಕಾರಣವಿರಬಹುದು” ಎಂಬ ಅವನ ಮಾತನ್ನು ಅದೇ ಅಳತೆಗಳಿಂದ ಬೇರೊಬ್ಬನು ಪರೀಕ್ಷಿಸಬಹುದು. ಅಳತೆಯೇ ಇಲ್ಲದ ವಿಶ್ಲೇಷಣೆಯು ಅಭಿಪ್ರಾಯದ ವೇಷಾಂತರ.

ಸಂಪಾದಕೀಯಕ್ಕೆ ಸಾಮಾನ್ಯವಾಗಿ ಬರೆದವನ ಹೆಸರಿರುವುದಿಲ್ಲ. ಅದು ಪತ್ರಿಕೆಯದೇ ದನಿ. ಕಾಮಗಾರಿ ನಿಲ್ಲಬೇಕು, ಅಥವಾ ಇಂತಹ ಕರಾರಿನ ಮೇಲೆ ನಡೆಯಬೇಕು ಎಂದು ಹೇಳಲು ಅದಕ್ಕೆ ಹಕ್ಕುಂಟು. ಅಂಕಣಕಾರನು ತನ್ನ ಹೆಸರು ಹಾಕಿ ತನ್ನ ಮನಸ್ಸನ್ನು ತೆರೆಯುತ್ತಾನೆ. ಪತ್ರಿಕೆಯು ಅವನನ್ನು ಒಪ್ಪಲೇಬೇಕೆಂದಿಲ್ಲ. ನಡೆಯಿತು, ಇರಬಹುದು, ಆಗಬೇಕು, ನನಗೆ ಹೀಗೆ ತೋರುತ್ತದೆ — ಕನ್ನಡದ ಕ್ರಿಯಾಪದವೇ ಬರಹದ ಜಾತಿಯನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಬಹುಮಟ್ಟಿಗೆ ಮಾತ್ರ, ಏಕೆಂದರೆ “ಆಗಬೇಕು” ಎನ್ನುವುದನ್ನು “ಆಗುವುದು ಅನಿವಾರ್ಯ” ಎಂದು ಬರೆದು ಸುದ್ದಿಯ ಉಡುಪು ತೊಡಿಸುವ ಜಾಣರೂ ಇದ್ದಾರೆ. ವಿಶ್ಲೇಷಣೆಗೂ ಅಂಕಣಕ್ಕೂ ನಡುವಿನ ಗಡಿಯಂತೂ ಅನುಭವಿ ಸಂಪಾದಕರನ್ನೂ ಕಾಡುತ್ತದೆ.

ಆದುದರಿಂದಲೇ ಹಣೆಪಟ್ಟಿ ಬೇಕು. ಊಹೆಯನ್ನಾಗಲಿ ಟೀಕೆಯನ್ನಾಗಲಿ ಸಂಗತಿಯೆಂಬಂತೆ ಕೊಡಬಾರದು, ಇವುಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ನಡತೆಯ ಸೂತ್ರಗಳು ವಿಧಿಸುತ್ತವೆ. “ವಿಶ್ಲೇಷಣೆ”, “ಸಂಪಾದಕೀಯ”, “ಅಂಕಣ” ಎಂಬ ಪಟ್ಟಿಯು ಪುಟದ ನೆತ್ತಿಯಲ್ಲಿದ್ದರೆ ಸಾಲದು. ಓದುಗನು ಪುಟವನ್ನು ಹಾಗೆಯೇ ಇಟ್ಟುಕೊಳ್ಳುವುದಿಲ್ಲ. ಹಿಂದೆ ಬೇಕಾದ ತುಂಡನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದನು. ಈಗ ಅದರ ಚಿತ್ರ ತೆಗೆದು ಮೊಬೈಲಿನಲ್ಲಿ ನೆಂಟರಿಗೆ ಕಳುಹಿಸುತ್ತಾನೆ. ತುಮಕೂರಿನಲ್ಲಿ ಅಂಕಣವಾಗಿದ್ದುದು ಕುಣಿಗಲ್ ತಲುಪುವಾಗ, ಪಟ್ಟಿಯನ್ನು ದಾರಿಯಲ್ಲಿ ಕಳೆದುಕೊಂಡು, “ಪೇಪರಿನಲ್ಲಿ ಬಂದಿದೆ” ಎಂಬ ಸುದ್ದಿಯಾಗಿರುತ್ತದೆ. ಹೀಗಾಗದಂತೆ ಪ್ರತಿಯೊಂದು ಬರಹದ ತಲೆಬರಹಕ್ಕೂ ಅಂಟಿಕೊಂಡಂತೆ, ಅದನ್ನು ಬಿಟ್ಟು ಕತ್ತರಿಸಲಾಗದಷ್ಟು ಹತ್ತಿರದಲ್ಲಿ, ಆ ಪಟ್ಟಿಯನ್ನು ಅಚ್ಚು ಮಾಡಬೇಕು. ಅಂಕಣವಾದರೆ ಬರೆದವನ ಹೆಸರೂ ಅಲ್ಲಿಯೇ ಇರಬೇಕು, ಬರಹದ ಕಾಲಬುಡದಲ್ಲಲ್ಲ.