ಒಂಬತ್ತು ಮನೆಯ ಲೆಕ್ಕ

ರಾತ್ರಿ ಊಟವಾದ ಮೇಲೆ ಕೆಲವರು ಪದಬಂಧ ಬಿಡಿಸುತ್ತಾರೆ. ನಾನು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಮೂರಕ್ಕೆ ಮೂರರ ಮಾತೃಕೆ ಬರೆದುಕೊಂಡು ಅದರ ವಿಲೋಮ ಹುಡುಕುತ್ತೇನೆ. ಕಂಪ್ಯೂಟರ್ ಇದನ್ನು ಕ್ಷಣದಲ್ಲಿ ಮಾಡಿಕೊಡುತ್ತದೆ, ನಿಜ. ಪದಬಂಧದ ಉತ್ತರವೂ ಮರುದಿನ ಪತ್ರಿಕೆಯಲ್ಲಿ ಬಂದೇ ಬರುತ್ತದಲ್ಲ! ಮಾತೃಕೆಗಳ ಬಗ್ಗೆ 1858ರಲ್ಲಿ ದೊಡ್ಡ ಪ್ರಬಂಧ ಬರೆದ ಆರ್ಥರ್ ಕೇಲಿ ಆಗ ಲಂಡನ್ನಿನಲ್ಲಿ ಹೊಟ್ಟೆಪಾಡಿಗೆ ವಕೀಲಿಕೆ ಮಾಡಿಕೊಂಡಿದ್ದರು. ಬಿಡುವಿನ ವೇಳೆಯ ಹುಚ್ಚಿಗೆ ಇದಕ್ಕಿಂತ ಘನವಾದ ಪರಂಪರೆ ಬೇಕೆ?

ಮೊನ್ನೆ ಆರಿಸಿಕೊಂಡದ್ದು ಇದು:

```
2  1  3
1  4  1
0  2  1
```

ಇದರಿಂದ ಗುಣಿಸಿದಾಗ ಕರ್ಣದಲ್ಲಿ 1, ಉಳಿದೆಡೆ 0 ಬರುವಂಥ ಇನ್ನೊಂದು ಮಾತೃಕೆ ಬೇಕು. ಅದಕ್ಕೆ ಪ್ರತಿ ಮನೆಗೂ ಒಂದು ಕೋಫ್ಯಾಕ್ಟರ್ ಕಂಡುಹಿಡಿಯಬೇಕು. ಮೊದಲ ಮನೆಯ 2 ಇರುವ ಅಡ್ಡಸಾಲು, ಕಂಬಸಾಲು ಎರಡನ್ನೂ ಬೆರಳಿನಿಂದ ಮುಚ್ಚಿದರೆ 4, 1, 2, 1 ಉಳಿಯುತ್ತವೆ. ಓರೆಯಾಗಿ ಗುಣಿಸಿ ಕಳೆದರೆ 4×1 − 1×2, ಅಂದರೆ 2. ಪಕ್ಕದ ಮನೆಗೆ ಇದೇ ರೀತಿ 1 ಬರುತ್ತದೆ. ಆದರೆ ಚಿಹ್ನೆಗಳು ಮನೆ ಬಿಟ್ಟು ಮನೆ ಬದಲಾಗಬೇಕಾದ್ದರಿಂದ ಅದು −1. ಮೂರನೆಯದು ಮತ್ತೆ 2. ಒಂಬತ್ತೂ ಮುಗಿದಾಗ:

```
  2  -1   2
  5   2  -4
-11   1   7
```

ಮೊದಲ ಸಾಲನ್ನು ಅದರದೇ ಕೋಫ್ಯಾಕ್ಟರ್‌ಗಳಿಂದ ಗುಣಿಸಿ ಕೂಡಿದರೆ 4 − 1 + 6 = 9. ಇದು ನಿರ್ಧಾರಕ. ಇಲ್ಲಿ ಸೊನ್ನೆ ಬಂದಿದ್ದರೆ ವಿಲೋಮವೇ ಇಲ್ಲ, ಪೆನ್ಸಿಲ್ ಕೆಳಗಿಟ್ಟು ಮಲಗಬಹುದಿತ್ತು.

ನನಗೆ ರುಚಿ ಹತ್ತಿದ್ದು ಮಾತ್ರ ಇದರ ಮುಂದಿನ ಆಟಕ್ಕೆ. ಎರಡನೆಯ ಸಾಲಿನ 1, 4, 1 ಅನ್ನು ಮೊದಲ ಸಾಲಿನ ಕೋಫ್ಯಾಕ್ಟರ್‌ಗಳಿಂದ ಗುಣಿಸಿ ನೋಡಿ: 2 − 4 + 2, ಸೊನ್ನೆ. ಮೂರನೆಯ ಸಾಲಿಗೂ ಸೊನ್ನೆಯೇ. ಇದು ಕಾಕತಾಳೀಯವಲ್ಲ. ಮೊದಲ ಸಾಲಿನ ಕೋಫ್ಯಾಕ್ಟರ್ ಹುಡುಕುವಾಗ ಆ ಸಾಲನ್ನೇ ಮುಚ್ಚಿದ್ದೆವು. ಅಲ್ಲಿ ಯಾವ ಸಂಖ್ಯೆಗಳಿದ್ದರೂ ಈ ಮೂರು ಕೋಫ್ಯಾಕ್ಟರ್‌ಗಳು ಬದಲಾಗುತ್ತಿರಲಿಲ್ಲ. ಹಾಗಾಗಿ ಅಲ್ಲಿ ಎರಡನೆಯ ಸಾಲಿನ ನಕಲನ್ನೇ ಕೂರಿಸಿ ನಿರ್ಧಾರಕ ತೆಗೆದಂತೆ ಆಯಿತು. ಎರಡು ಸಾಲು ಒಂದೇ ಆಗಿರುವ ಮಾತೃಕೆಯ ನಿರ್ಧಾರಕ ಸೊನ್ನೆಯಲ್ಲದೆ ಇನ್ನೇನಾದೀತು?

ಕೋಫ್ಯಾಕ್ಟರ್ ಪಟ್ಟಿಯ ಅಡ್ಡಸಾಲುಗಳನ್ನು ಕಂಬಸಾಲು ಮಾಡಿ ನಿಲ್ಲಿಸುವುದು ಇದಕ್ಕಾಗಿಯೇ. ಹಾಗೆ ಸಿಗುವ ಅಡ್ಜಾಯಿಂಟ್‌ನಿಂದ ಗುಣಿಸಿದಾಗ ಪ್ರತಿ ಸಾಲೂ ತನ್ನ ಕೋಫ್ಯಾಕ್ಟರ್‌ಗಳನ್ನು ಕರ್ಣದಲ್ಲಿ ಸಂಧಿಸಿ 9 ಕೊಡುತ್ತದೆ, ಪರರದನ್ನು ಸಂಧಿಸಿದಲ್ಲೆಲ್ಲ ಸೊನ್ನೆ. 9ರಿಂದ ಭಾಗಿಸುವುದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ತಾಳೆ ನೋಡುವಾಗ ಭಿನ್ನರಾಶಿಗಳ ಕಾಟ ಯಾರಿಗೆ ಬೇಕು?

ಇದೇ ಲೆಕ್ಕವನ್ನು ಪಿಯುಸಿ ಓದುತ್ತಿರುವ ಅಕ್ಕನ ಮಗಳಿಗೆ ಕೊಟ್ಟಿದ್ದೆ. "ಮಾವ, ಎರಡು ಕಂಬಸಾಲು ಸರಿ ಬಂತು, ಮೂರನೇದು ಕೆಟ್ಟಿದೆ. ಎಲ್ಲಾ ಮೊದಲಿಂದ ಮಾಡ್ಬೇಕಾ?" ಎಂದು ಪುಸ್ತಕ ಹಿಡಿದು ಬಂದಳು. 0, 0, 9 ಬರಬೇಕಾದಲ್ಲಿ −2, −8, 5 ಬಂದಿತ್ತು.

"ಬೇಡ ಮಾರಾಯ್ತಿ, ಎಷ್ಟೆಷ್ಟು ಕಡಿಮೆ ಬಂತು ಹೇಳು" ಎಂದೆ. ಕ್ರಮವಾಗಿ 2, 8, 4. ಅವು 1, 4, 2ರ ಎರಡರಷ್ಟು. 1, 4, 2 ಎಂದರೆ ಮೂಲ ಮಾತೃಕೆಯ ಎರಡನೆಯ ಕಂಬಸಾಲು! ಕೆಟ್ಟ ಕಂಬಸಾಲು ಮೂರನೆಯದಾದ್ದರಿಂದ ತಪ್ಪು ಮೂರನೆಯ ಸಾಲಿನ ಕೋಫ್ಯಾಕ್ಟರ್‌ಗಳಲ್ಲಿದೆ. ವ್ಯತ್ಯಾಸ ಎರಡನೆಯ ಕಂಬಸಾಲಿನ ಪಾಲಾದ್ದರಿಂದ ಅವುಗಳಲ್ಲಿ ಎರಡನೆಯದು ತಪ್ಪು, ಅದೂ ಎರಡರಷ್ಟು ಕಡಿಮೆ. ಹೋಗಿ ನೋಡಿದರೆ 1 ಇರಬೇಕಾದಲ್ಲಿ −1 ಕೂತಿತ್ತು. ಓರೆ ಗುಣಾಕಾರ −1 ಕೊಟ್ಟಿತ್ತು, ಆ ಮನೆಯ ಚಿಹ್ನೆ ಬದಲಿಸುವುದನ್ನು ಹುಡುಗಿ ಮರೆತಿದ್ದಳು. ಒಂದೇ ಮನೆಯ ತಪ್ಪಾದರೆ ಗುಣಾಕಾರ ಹೀಗೆ ವಿಳಾಸ ಸಮೇತ ಹಿಡಿದುಕೊಡುತ್ತದೆ. ಎರಡು ಮೂರು ತಪ್ಪುಗಳು ಒಂದೇ ಕಂಬಸಾಲಿನಲ್ಲಿ ಬೆರೆತರೆ ಗುರುತು ಕಲಸಿಹೋಗುತ್ತದೆ, ಆಗ ಆ ಸಾಲಿನ ಮೂರೂ ಕೋಫ್ಯಾಕ್ಟರ್‌ಗಳನ್ನು ಮತ್ತೆ ತೆಗೆಯಬೇಕು.

ಬೇರೆ ತಪ್ಪುಗಳ ಚಹರೆಯೇ ಬೇರೆ. ಸೊನ್ನೆಗಳೆಲ್ಲ ಸರಿಯಿದ್ದು, ಭಾಗಿಸಿದ ಮೇಲೆ ಕರ್ಣದಲ್ಲಿ 1ರ ಬದಲು ಮೂರು ಕಡೆಯೂ 9/11 ಬಂದರೆ ನಿರ್ಧಾರಕವನ್ನು 11 ಎಂದು ತಪ್ಪಾಗಿ ಕೂಡಿದ್ದೀರಿ, ಅಷ್ಟೆ. ಸಾಲುಗಳನ್ನು ತಿರುಗಿಸಿ ನಿಲ್ಲಿಸದೆ ಹಾಗೆಯೇ ಗುಣಿಸಿದರೆ ಮೊದಲ ಮನೆಯಲ್ಲೇ 9ರ ಬದಲು 4 + 5 − 33, ಅಂದರೆ −24 ಬಂದು ಎದುರು ನಿಲ್ಲುತ್ತದೆ. ಕರ್ಣದ ಎರಡೂ ಬದಿಗೆ ಒಂದೇ ಸಂಖ್ಯೆಗಳಿರುವ ಮಾತೃಕೆ ಕೊಟ್ಟಿದ್ದರೆ ಮಾತ್ರ, ತಿರುಗಿಸಲು ಮರೆತವರೂ ಪೂರ್ತಿ ಅಂಕ ಗಿಟ್ಟಿಸುತ್ತಾರೆ. ಅದಕ್ಕೇ ಅಕ್ಕನ ಮಗಳಿಗೆ ಅಂಥದ್ದನ್ನು ನಾನು ಕೊಡುವುದೇ ಇಲ್ಲ.