ಬುಕ್ಕರಾಯನ ಶಾಸನವೂ ಮೌಖಿಕ ಪರೀಕ್ಷೆಯೂ

ಧಾರ್ಮಿಕ ಬಹುತ್ವವನ್ನು ಕುರಿತು ಸ್ನಾತಕೋತ್ತರ ಪ್ರಬಂಧ ಬರೆಯುವ ಕನ್ನಡ ನಾಡಿನ ವಿದ್ಯಾರ್ಥಿಗೆ 1368ರ ಬುಕ್ಕರಾಯನ ಶಾಸನವನ್ನು ಬಿಟ್ಟು ಮುಂದೆ ಹೋಗುವುದು ಕಷ್ಟ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಈ ಶಾಸನವು ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ಅರಸನು ಬಗೆಹರಿಸಿದ ಸಂಗತಿಯನ್ನು ಹೇಳುತ್ತದೆ. ಇದನ್ನೇ ಆಧಾರವಾಗಿಟ್ಟುಕೊಂಡ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಏಳಬಹುದಾದ ಪ್ರಶ್ನೆಗಳು ಕೆಲವೇ. ಆದರೆ ಒಂದೊಂದೂ ಪ್ರಬಂಧದ ಬುಡವನ್ನೇ ಮುಟ್ಟುವಂಥದು.

ಮೊದಲ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: "ಈ ಶಾಸನವು ಧಾರ್ಮಿಕ ಬಹುತ್ವವಾದಕ್ಕೆ ಸಾಕ್ಷಿಯೇ?" ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಅರಸನೇ ಸಾರಿದ್ದಾನೆ, ಆದ್ದರಿಂದ ಹೌದು ಎಂದು ಅಭ್ಯರ್ಥಿ ಉತ್ತರಿಸಿದರೆ ಪರೀಕ್ಷಕರು ಒಡನೆಯೇ ಕೇಳುವ ಮಾತೊಂದಿದೆ: "ಭೇದವಿಲ್ಲವೆಂದರೆ ಎರಡರ ಸಿದ್ಧಾಂತವೂ ಒಂದೇ ಎಂದೇ?" ಇಲ್ಲಿ ಒಳ್ಳೆಯ ಉತ್ತರವು ಶಾಸನದ ಉಳಿದ ಭಾಗದಿಂದಲೇ ಹುಟ್ಟಬೇಕು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸುತ್ತಾನೆ. ಆ ವೈಷ್ಣವರಲ್ಲಿ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದ್ದಾರೆ. ಭೇದವಿಲ್ಲವೆಂಬ ಮಾತಿನ ಜೊತೆಯಲ್ಲೇ ಬರುವುದು ಪಂಚಮಹಾವಾದ್ಯಗಳ ಮತ್ತು ಕಳಶದ ಹಕ್ಕು. ಜಿನ, ವಿಷ್ಣು, ಜೀವ, ಮೋಕ್ಷಗಳ ಚರ್ಚೆ ಅಲ್ಲಿಲ್ಲ. ಆದ್ದರಿಂದ "ಭೇದವಿಲ್ಲ" ಎಂಬುದು ತತ್ತ್ವದ ನಿರ್ಣಯವಲ್ಲ, ಸಾರ್ವಜನಿಕ ಮಾನಮರ್ಯಾದೆಯ ನಿರ್ಣಯ. ಬೀದಿಯಲ್ಲಿ ವಾದ್ಯ ನುಡಿಸುವ ಹಕ್ಕು ಸಣ್ಣದೆಂದು ತಿಳಿಯುವವರು ನಮ್ಮ ಊರುಗಳ ಮೆರವಣಿಗೆಯ ಜಗಳಗಳನ್ನು ಕಂಡಿರಲಾರರು.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣ. "ಶಾಸನದ ಆರಂಭದ ಶ್ಲೋಕವನ್ನು ನೀವು ಪ್ರಬಂಧದಲ್ಲಿ ಏಕೆ ಚರ್ಚಿಸಿಲ್ಲ?" ಆ ಶ್ಲೋಕವು ರಾಮಾನುಜರ ಸ್ತುತಿ. ಪಾಷಂಡರೆಂಬ ಸಾಗರಕ್ಕೆ ಅವರು ಬಡಬಾಗ್ನಿಯೆಂದು ಅದು ಹೊಗಳುತ್ತದೆ. ಪಾಷಂಡ ಶಬ್ದವು ವೈದಿಕರ ಬಾಯಲ್ಲಿ ಜೈನರನ್ನೂ ಒಳಗೊಳ್ಳುವಂಥದು. ಅಂದರೆ ಜೈನರಿಗೆ ರಕ್ಷಣೆ ಕೊಡುವ ಕಲ್ಲಿನ ನೆತ್ತಿಯ ಮೇಲೆಯೇ ಅವರನ್ನು ಸುಡುವ ಅಗ್ನಿಯ ಸ್ತುತಿ ಇದೆ! ಇದನ್ನು ಮರೆಮಾಚಿದ ಪ್ರಬಂಧ ಪರೀಕ್ಷಕರ ಮುಂದೆ ನಿಲ್ಲುವುದಿಲ್ಲ. ಅಭ್ಯರ್ಥಿಯು ಹೀಗೆ ಹೇಳಬಹುದು: "ಈ ಶ್ಲೋಕವು ನನ್ನ ವಾದಕ್ಕೆ ಅಡ್ಡಿಯಲ್ಲ, ಬಲ. ವೈಷ್ಣವರು ತಮ್ಮ ಸಿದ್ಧಾಂತವೇ ಶ್ರೇಷ್ಠವೆಂಬ ನಂಬಿಕೆಯನ್ನು ಬಿಡದೆಯೇ ಜೈನರಿಗಾದ ಹಾನಿಯನ್ನು ತಮಗಾದ ಹಾನಿಯೆಂದು ಭಾವಿಸಲು ಒಪ್ಪಿದರು. ಒಪ್ಪಂದಕ್ಕೆ ಮತದ ಸಮನ್ವಯ ಬೇಕಾಗಲಿಲ್ಲ."

ಆಗ ಹಣದ ಪ್ರಶ್ನೆ ಬರುತ್ತದೆ. "ಈ ರಕ್ಷಣೆಯ ವೆಚ್ಚವನ್ನು ಯಾರು ಕೊಟ್ಟರು?" ಜೈನರೇ ಕೊಟ್ಟರು. ಮನೆಗೆ ವರ್ಷಕ್ಕೆ ಒಂದು ಹಣ. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನು ನೇಮಿಸಿ, ಮಿಕ್ಕದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಿ ದುರಸ್ತಿ ಮಾಡಿಸಬೇಕು. ಕಾಪಾಡುವ ಹೊಣೆ ವೈಷ್ಣವನದು, ತೆರುವ ಹೊಣೆ ಜೈನರದು. ಇದನ್ನು ಔದಾರ್ಯವೆಂದು ಕರೆದರೂ ತಪ್ಪು, ಬರಿಯ ಸುಲಿಗೆಯೆಂದರೂ ತಪ್ಪು. ವಿವಾದದ ಎದುರಾಳಿಯನ್ನೇ ಲೆಕ್ಕ ಒಪ್ಪಿಸುವ ಹೊಣೆಗಾರನನ್ನಾಗಿ ಮಾಡಿದ ವ್ಯವಸ್ಥೆ ಇದು. ಮುರಿದವನನ್ನು ರಾಜದ್ರೋಹಿಯೆಂದು ಶಾಸನ ಕರೆಯುತ್ತದೆ. ಹಾಗಾಗಿ ಇದರ ಬೆನ್ನೆಲುಬು ಪರಸ್ಪರ ಪ್ರೀತಿಯಲ್ಲ, ರಾಜಾಜ್ಞೆ ಎಂಬುದನ್ನೂ ಅಭ್ಯರ್ಥಿ ಒಪ್ಪಬೇಕು. ಜೈನರಿಗಾದ ಅನ್ಯಾಯದ ವಿವರಗಳು ಶಾಸನದಲ್ಲಿಲ್ಲ; ಅವನ್ನು ಊಹೆಯಿಂದ ತುಂಬಲು ಹೋಗಬಾರದು.

ಜೈನ ವಿಷಯವಾದ್ದರಿಂದ ಅನೇಕಾಂತದ ಪ್ರಶ್ನೆ ತಪ್ಪದು. "ಅನೇಕಾಂತವಾದವೇ ಬಹುತ್ವವಾದವಲ್ಲವೇ?" ಹೌದೆನ್ನಲು ನಾಲಗೆ ತುದಿಯಲ್ಲೇ ಮಾತಿರುತ್ತದೆ. ಅನೇಕಾಂತವನ್ನು ಬೌದ್ಧಿಕ ಅಹಿಂಸೆಯೆಂದು ಬಗೆಯುವ ವ್ಯಾಖ್ಯಾನವನ್ನು ಎ. ಬಿ. ಧ್ರುವ ಅವರು 1933ರ ಸ್ಯಾದ್ವಾದಮಂಜರಿಯ ಆವೃತ್ತಿಯಲ್ಲಿ ಮುಂದಿಟ್ಟರು. ಆದರೆ ಅದೇ ಸ್ಯಾದ್ವಾದಮಂಜರಿಯು ಯಾವುದಕ್ಕೆ ವ್ಯಾಖ್ಯಾನವೋ ಆ ಹೇಮಚಂದ್ರನ ಸ್ತೋತ್ರವು ಅನ್ಯಮತಗಳನ್ನು ಖಂಡಿಸಲೆಂದೇ ರಚಿತವಾದುದು. ಪರಮತಗಳನ್ನು ಆಂಶಿಕ ಸತ್ಯವೆಂದು ಒಪ್ಪುವವನು ಪೂರ್ಣದೃಷ್ಟಿ ತನ್ನದೆಂದು ಹೇಳಿದಂತೆಯೇ ಆಯಿತು. ಅಲನ್ ರೇಸ್ 1983ರಲ್ಲಿ ಮಾಡಿದ ಮೂರು ವಿಭಾಗಗಳಲ್ಲಿ ಇದು ಬಹುತ್ವವಾದಕ್ಕಿಂತ ಅಂತರ್ಗ್ರಾಹಿ ನಿಲುವಿಗೆ, ಅಂದರೆ ಅನ್ಯಸತ್ಯವನ್ನು ತನ್ನ ಸತ್ಯದೊಳಗೆ ಅಡಗಿಸಿಕೊಳ್ಳುವ ನಿಲುವಿಗೆ, ಹತ್ತಿರ.

ಇಷ್ಟಾದ ಮೇಲೆ ಪರೀಕ್ಷಕರು ಮುಗುಳ್ನಕ್ಕು ಕೇಳುವುದುಂಟು: "ಹಾಗಾದರೆ ಪ್ರಬಂಧದ ಶೀರ್ಷಿಕೆಯಲ್ಲಿ ಬಹುತ್ವವಾದ ಎಂಬ ಪದ ಏಕೆ?" ಹಟ ಹಿಡಿಯುವುದಕ್ಕಿಂತ "ವಿಜಯನಗರದ ಆರಂಭಕಾಲದಲ್ಲಿ ಧಾರ್ಮಿಕ ಸಹಬಾಳ್ವೆಯ ಒಪ್ಪಂದಗಳು" ಎಂದು ತಿದ್ದಿಕೊಳ್ಳಲು ಒಪ್ಪುವ ಅಭ್ಯರ್ಥಿಯೇ ಜಾಣ.